ಆಟೋ ಕ್ಯಾಪ್ಷನ್ ತಿದ್ದಿದರೆ ಸಾಕೋ, ಬೇರೆ ಫೈಲ್ ಹಾಕಬೇಕೋ? ಅಡಿಕೆ ತೋಟದ ಒಂದು ವಿಡಿಯೋ ಇಟ್ಟುಕೊಂಡು ನೋಡೋಣ

ಬೆಳೆಗಾರರು ‘ಕೊಳೆ ರೋಗಕ್ಕೆ ಔಷಧಿ’ ಎಂದದ್ದು ಪರದೆಯ ಮೇಲೆ ‘ಕೋಳಿ ರೋಗಕ್ಕೆ ಔಷಧಿ’ ಎಂದು ಬಂದರೆ ನೋಡಿದವರು ನಕ್ಕು ಮುಂದೆ ಹೋಗುತ್ತಾರೆ. ಅದರಿಂದ ಯಾರಿಗೂ ನಷ್ಟವಿಲ್ಲ. ಅದೇ ವಿಡಿಯೋದಲ್ಲಿ ‘ಈಗ ಹೊಡಿಬಾರ್ದು’ ಎಂದದ್ದು ‘ಈಗ ಹೊಡಿಬೋದು’ ಎಂದು ಬಂದರೆ ಯಾರೂ ನಗುವುದಿಲ್ಲ, ಏಕೆಂದರೆ ಅದು ತಪ್ಪು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಯೂಟ್ಯೂಬ್ ತಾನಾಗಿ ಬರೆಯುವ ಕನ್ನಡದ ಆಟೋ ಕ್ಯಾಪ್ಷನ್ ತಿದ್ದಲು ಕೂತವರು ಹುಡುಕಬೇಕಾದ್ದು ಈ ಎರಡನೆಯ ಜಾತಿಯ ತಪ್ಪನ್ನು. ಇದ್ದ ಕ್ಯಾಪ್ಷನ್ನನ್ನೇ ತಿದ್ದುವುದೋ, ಬೇರೆ ಫೈಲ್ ತಯಾರು ಮಾಡುವುದೋ ಎಂಬುದೂ ಬಹುಮಟ್ಟಿಗೆ ಇದರ ಮೇಲೇ ತೀರ್ಮಾನವಾಗುತ್ತದೆ.

ಮಾತಿಗೊಂದು ಆಧಾರ ಇರಲಿ ಎಂದು ಒಂದು ವಿಡಿಯೋ ತೆಗೆದುಕೊಳ್ಳೋಣ. ಹೊಸನಗರ ಕಡೆಯ ತೋಟ, ಮೇ ಕೊನೆ, ಮುಂಗಾರು ಶುರುವಾಗುವ ಮೊದಲು. ಬೆಳೆಗಾರರೊಬ್ಬರು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿ ತೋರಿಸುತ್ತಿದ್ದಾರೆ. ಸುಮಾರು ಹನ್ನೆರಡು ನಿಮಿಷದ ವಿಡಿಯೋ, ಮೊಬೈಲ್‌ನಲ್ಲೇ ಹಿಡಿದದ್ದು. ಪ್ರಶ್ನೆ ಕೇಳುವ ಹುಡುಗ ಕ್ಯಾಮೆರಾದ ಹಿಂದಿದ್ದಾನೆ. ಅಲ್ಲಲ್ಲಿ ಜೀರುಂಡೆ ಸದ್ದು, ಕೊನೆಯಲ್ಲಿ ಸ್ಪ್ರೇ ಮಾಡುವ ಮೋಟಾರಿನ ಸದ್ದು. ಇದನ್ನು ಯೂಟ್ಯೂಬ್‌ಗೆ ಹಾಕಬೇಕು, ಜೊತೆಗೆ ಊರಿನ ವಾಟ್ಸಾಪ್ ಗುಂಪುಗಳಿಗೂ ಕಳಿಸಬೇಕು.

ಮುಂದಿರುವುದು ಮೂರು ದಾರಿ. ಯಂತ್ರ ಬರೆದ ಕ್ಯಾಪ್ಷನ್ನನ್ನು ಯೂಟ್ಯೂಬ್ ಸ್ಟುಡಿಯೋದಲ್ಲೇ ತಿದ್ದಬಹುದು. ಮಾತನ್ನೆಲ್ಲ ನಾವೇ ಬರೆದು, ಸಮಯ ಹೊಂದಿಸುವ ಕೆಲಸವನ್ನಷ್ಟೇ ಯಂತ್ರಕ್ಕೆ ಬಿಡಬಹುದು. ಇಲ್ಲವೇ ಮಾತು, ಸಮಯ ಎರಡನ್ನೂ ಹೊರಗೆ ಸಿದ್ಧ ಮಾಡಿ ಫೈಲ್ ಏರಿಸಬಹುದು.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಏರಿಸುವಾಗ ವಿಡಿಯೋದ ಭಾಷೆ ಕನ್ನಡ ಎಂದು ಆರಿಸಿ, ವಿಡಿಯೋವನ್ನು `Unlisted` ಅಥವಾ `Private` ಎಂದು ಇಟ್ಟು ಬಿಡಿ. ಭಾಷೆ ಆರಿಸದೆ ಬಿಟ್ಟರೆ, ನಡುನಡುವೆ ಇಂಗ್ಲಿಷ್ ಪದ ಬರುವ ನಮ್ಮ ಮಾತನ್ನು ಯಂತ್ರ ಇಂಗ್ಲಿಷ್ ಎಂದೇ ಹಿಡಿದು ಏನೇನೋ ಬರೆದಿಟ್ಟಿರಬಹುದು. ಆಟೋ ಕ್ಯಾಪ್ಷನ್ ಏರಿಸಿದ ತಕ್ಷಣ ಬರುವುದಿಲ್ಲ. ಧ್ವನಿ ಕೆಟ್ಟಿದ್ದರೆ, ಆರಂಭದಲ್ಲಿ ಬಹಳ ಹೊತ್ತು ಮಾತೇ ಇಲ್ಲದಿದ್ದರೆ, ಇಬ್ಬರು ಒಟ್ಟೊಟ್ಟಿಗೆ ಮಾತಾಡಿದ್ದರೆ ಬರದೆಯೂ ಇರಬಹುದು. ಆದ್ದರಿಂದ ರಾತ್ರಿ ಏರಿಸಿ ಬೆಳಿಗ್ಗೆ ನೋಡುವುದು ಒಳ್ಳೆಯದು. ವಿಡಿಯೋ ಪಬ್ಲಿಕ್ ಮಾಡಿ ಆಮೇಲೆ ತಿದ್ದೋಣ ಎಂದರೆ, ಆ ವೇಳೆಗೆ ನೋಡಬೇಕಾದವರಲ್ಲಿ ಬಹಳ ಜನ ತಪ್ಪನ್ನೇ ಓದಿ ಹೋಗಿರುತ್ತಾರೆ.

ಎರಡು ನಿಮಿಷದ ಪರೀಕ್ಷೆ

ಕ್ಯಾಪ್ಷನ್ ಬಂದ ಮೇಲೆ ಮೊದಲಿನಿಂದ ತಿದ್ದಲು ಹೊರಡಬೇಡಿ. ವಿಡಿಯೋದ ನಡುವೆ, ಅಳತೆ ಹೇಳುವ ಎರಡು ನಿಮಿಷ ಆರಿಸಿಕೊಳ್ಳಿ. ‘ಎಲ್ಲರಿಗೂ ನಮಸ್ಕಾರ’ ಎನ್ನುವ ಆರಂಭವನ್ನು ಯಂತ್ರ ಯಾವಾಗಲೂ ಚೆನ್ನಾಗಿಯೇ ಬರೆಯುತ್ತದೆ. ಅದನ್ನು ನೋಡಿ ಪರವಾಗಿಲ್ಲ ಎನಿಸಿದರೆ ಮುಂದೆ ಪೇಚಾಡಬೇಕಾಗುತ್ತದೆ.

ನಮ್ಮ ವಿಡಿಯೋದಲ್ಲಿ ಬೆಳೆಗಾರರು ಹೇಳುವುದು ಹೀಗೆ: ‘ಒಂದು ಕೆಜಿ ಮೈಲುತುತ್ತ ಐವತ್ತು ಲೀಟರ್ ನೀರಲ್ಲಿ ಕರಗ್ಸದು. ಒಂದು ಕೆಜಿ ಸುಣ್ಣ ಇನ್ನೊಂದು ಐವತ್ತು ಲೀಟರಲ್ಲಿ. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ಕೇ ಆಗ್ಬೇಕು.’ ಯಂತ್ರದ ಕೈಯಲ್ಲಿ ಇದು ಸಾಮಾನ್ಯವಾಗಿ ಈ ರೂಪಕ್ಕೆ ಬರುತ್ತದೆ: ‘ಒಂದು ಕೆಜಿ ಮೈಲು ತುತ್ತ ಐವತ್ತು ಲೀಟರ್ ನೀರಲ್ಲಿ ಕರಗಿಸೋದು ಒಂದು ಕೆಜಿ ಸಣ್ಣ ಇನ್ನೊಂದು ಐವತ್ತು ಲೀಟರ್ ಅಲ್ಲಿ ಕಬ್ಬಿಣದ ಡ್ರಮ್ ಬೇಡ ಪ್ಲಾಸ್ಟಿಕ್ಕೆ ಆಗಬೇಕು.’

ಇಲ್ಲಿನ ತಪ್ಪುಗಳೆಲ್ಲ ಒಂದೇ ತೂಕದವಲ್ಲ. ‘ಮೈಲು ತುತ್ತ’ ಎಂದು ಒಡೆದದ್ದು, ‘ಲೀಟರ್ ಅಲ್ಲಿ’ ಎಂದು ಬಿಡಿಸಿದ್ದು ಕಣ್ಣಿಗೆ ಚುಚ್ಚುತ್ತದೆಯೇ ಹೊರತು ಅರ್ಥ ಕೆಡಿಸುವುದಿಲ್ಲ. ‘ಸುಣ್ಣ’ ಹೋಗಿ ‘ಸಣ್ಣ’ ಆದದ್ದು ಮಾತ್ರ ದೊಡ್ಡ ತಪ್ಪು. ದ್ರಾವಣದ ಅರ್ಧ ಸಾಮಾನೇ ಅಲ್ಲಿ ಮಾಯವಾಗಿದೆ. ಪೂರ್ಣವಿರಾಮ ಇಲ್ಲದ್ದು ಮೂರನೆಯ ಬಗೆ. ಈ ಸಾಲಿನಲ್ಲಿ ಹೇಗೋ ನಡೆಯುತ್ತದೆ, ಆದರೆ ಮುಂದೆ ‘ಮಳೆ ಇದ್ದಾಗ ಬೇಡ ಬಿಸಿಲು ಬಿದ್ದ ಮೇಲೆ ಹೊಡೀರಿ’ ಎಂದು ಬರುವಾಗ ‘ಬೇಡ’ ಎಂಬುದು ಹಿಂದಿನದಕ್ಕೆ ಸೇರಿದ್ದೋ ಮುಂದಿನದಕ್ಕೋ ಎಂದು ಓದುವವರು ತಡವರಿಸುತ್ತಾರೆ.

ಅರ್ಥ ಕೆಡಿಸುವ ತಪ್ಪುಗಳು ಎಲ್ಲಿ ಅಡಗಿರುತ್ತವೆ ಎಂದು ಗೊತ್ತಿದ್ದರೆ ತಿದ್ದುವ ಕೆಲಸ ಅರ್ಧ ಇಳಿದಂತೆ. ಒಂದು ಜಾಗ, ವಾಕ್ಯದ ಕೊನೆ. ಕನ್ನಡದಲ್ಲಿ ಬೇಕು, ಬೇಡ, ಬಹುದು, ಬಾರದು ಎಲ್ಲ ಕೊನೆಗೇ ಬರುವುದು, ಮತ್ತು ನಮ್ಮ ಕಡೆಯವರ ದನಿ ಇಳಿಯುವುದೂ ಅಲ್ಲೇ. ‘ಹೊಡಿಬೋದು’, ‘ಹೊಡಿಬಾರ್ದು’ ಎರಡಕ್ಕೂ ಇರುವ ವ್ಯತ್ಯಾಸ ಜೀರುಂಡೆ ಸದ್ದಿನಲ್ಲಿ ಕರಗಿಹೋಗುವಷ್ಟು ಸಣ್ಣದು. ಇನ್ನೊಂದು ಜಾಗ, ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಇತ್ಯಾದಿ ಲೆಕ್ಕ. ಮತ್ತೊಂದು, ತೋಟದ ಪದಗಳು. ‘ಕೊಟ್ಟೆ ಕಟ್ಟೋದು’ ಎಂದರೆ ‘ಹೊಟ್ಟೆ ಕಟ್ಟೋದು’, ‘ದೋಟಿ’ ಎಂದರೆ ‘ಧೋತಿ’, ‘ಬೆಟ್ಟೆ’ ಎಂದರೆ ‘ಬೆಟ್ಟ’. ‘ಗೊರಬಲು’ ಏನಾಗಿ ಬರುತ್ತದೆ ಎಂದು ಹೇಳುವುದೇ ಕಷ್ಟ, ಪ್ರತಿ ಸಲ ಬೇರೆಯೇ. ಈ ಪದಗಳ ತಪ್ಪಿನಲ್ಲಿ ಒಂದು ಅನುಕೂಲವೂ ಇದೆ. ಗೊರಬಲಿನಂಥದ್ದು ಬಿಟ್ಟರೆ ಉಳಿದವು ಸಾಮಾನ್ಯವಾಗಿ ನಿಘಂಟಿನಲ್ಲಿರುವ ಇನ್ನೊಂದು ಪದವಾಗಿ ಒಂದೇ ರೀತಿ ಬದಲಾಗುವುದರಿಂದ, ಒಮ್ಮೆ ಕಂಡರೆ ಉಳಿದ ಕಡೆಯೂ ಹುಡುಕಿ ತಿದ್ದಬಹುದು. ವಾಕ್ಯದ ಕೊನೆಯ ತಪ್ಪನ್ನು ಹಾಗೆ ಹುಡುಕಲಾಗದು, ಕಿವಿಗೊಟ್ಟು ಕೇಳಲೇಬೇಕು.

ಎರಡು ನಿಮಿಷದಲ್ಲಿ ಇಂಥ ತಪ್ಪುಗಳನ್ನು ಗುರುತು ಹಾಕಿ. ಹತ್ತು ಪದಕ್ಕೆ ಒಂದರ ಒಳಗಿದ್ದರೆ, ಸಾಲುಗಳು ಮಾತಿಗೆ ಸರಿಯಾಗಿ ಬರುತ್ತಿದ್ದರೆ, ಇದ್ದುದನ್ನೇ ತಿದ್ದಿ. ಅದಕ್ಕಿಂತ ಹೆಚ್ಚಾದರೆ ತಿದ್ದುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ. ಇದು ಯಾರೋ ಹಾಕಿದ ನಿಯಮವಲ್ಲ, ನನ್ನ ಅಂದಾಜು. ಆದರೆ ಕನ್ನಡ ವೇಗವಾಗಿ ಟೈಪ್ ಮಾಡುವವರಿಗೆ ಈ ಗಡಿ ಇನ್ನೂ ಕೆಳಗೇ ಸಿಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಬೇರೆಯವರ ತಪ್ಪು ವಾಕ್ಯ ಕಣ್ಣ ಮುಂದಿದ್ದರೆ ಕಿವಿಯೂ ಅದನ್ನೇ ಕೇಳಲು ಶುರು ಮಾಡುತ್ತದೆ.

ಇದ್ದಲ್ಲೇ ತಿದ್ದುವುದು

ಸ್ಟುಡಿಯೋದಲ್ಲಿ ಆ ವಿಡಿಯೋದ ಸಬ್‌ಟೈಟಲ್ ಪುಟಕ್ಕೆ ಹೋದರೆ ಆಟೋಮ್ಯಾಟಿಕ್ ಎಂದು ಗುರುತಿರುವ ಕನ್ನಡದ ಸಾಲು ಕಾಣುತ್ತದೆ. ಅದರಲ್ಲಿ `Duplicate and Edit` ಒತ್ತಿದರೆ ಅದರ ಒಂದು ಪ್ರತಿ ತೆರೆದುಕೊಳ್ಳುತ್ತದೆ. ತಿದ್ದುವುದೆಲ್ಲ ಈ ಪ್ರತಿಯಲ್ಲಿ. ಮೂಲ ಹಾಗೇ ಇರುತ್ತದೆ.

ತಿದ್ದುವಾಗ ಎರಡು ಸುತ್ತು ಹೋಗುವುದು ನನ್ನ ಕ್ರಮ. ಮೊದಲ ಸುತ್ತಿನಲ್ಲಿ ವಿಡಿಯೋ ಓಡಿಸದೆ ಬರಿಯ ಓದು. ‘ಕೋಳಿ’, ‘ಧೋತಿ’ಯಂಥವು ಇಲ್ಲೇ ಸಿಗುತ್ತವೆ, ಪೂರ್ಣವಿರಾಮಗಳೂ ಇಲ್ಲೇ ಬೀಳುತ್ತವೆ. ಎರಡನೆಯ ಸುತ್ತಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ, ಪ್ರತಿ ವಾಕ್ಯದ ಕೊನೆಯ ಪದ ಮತ್ತು ಪ್ರತಿ ಅಂಕಿಯನ್ನು ಮಾತ್ರ ನೋಡುವುದು. ಅಳತೆಗಳನ್ನು ಅಕ್ಷರದಲ್ಲಿ ಬಿಡದೆ ಅಂಕಿಯಲ್ಲಿ ಬರೆದರೆ ಓದುವವರಿಗೂ ಸುಲಭ, ತಪ್ಪಿದ್ದರೆ ನಿಮಗೂ ಬೇಗ ಕಾಣುತ್ತದೆ: ‘1 ಕೆಜಿ ಸುಣ್ಣ, 50 ಲೀಟರ್ ನೀರು’.

ಆಡುಮಾತನ್ನು ಗ್ರಾಂಥಿಕ ಮಾಡುವ ಚಪಲ ಬೇಡ. ‘ಕರಗ್ಸದು’ ಎಂದವರ ಬಾಯಿಗೆ ‘ಕರಗಿಸತಕ್ಕದ್ದು’ ತುರುಕಿದರೆ ಕೇಳುವುದೊಂದು, ಓದುವುದೊಂದು ಆಗುತ್ತದೆ. ಆದರೆ ಎರಡು ರೀತಿ ಓದಿಕೊಳ್ಳಬಹುದಾದ ಕಡೆ, ಮುಖ್ಯವಾಗಿ ‘ಬಾರ್ದು’ ಬಂದಲ್ಲೆಲ್ಲ, ‘ಹೊಡೆಯಬಾರದು’ ಎಂದು ಪೂರ್ತಿ ಬರೆಯುವುದರಲ್ಲಿ ತಪ್ಪಿಲ್ಲ.

ಮುಗಿದು ಪ್ರಕಟಿಸಿದ ಮೇಲೆ ಪ್ಲೇಯರ್‌ನಲ್ಲಿ ಕನ್ನಡ ಎರಡು ಸಲ ಕಾಣಬಹುದು: ನೀವು ತಿದ್ದಿದ್ದು ಮತ್ತು ಯಂತ್ರದ್ದು. ಸ್ಟುಡಿಯೋದಲ್ಲಿ ಯಂತ್ರದ್ದರ ಪಕ್ಕದ ಮೂರು ಚುಕ್ಕಿ ಒತ್ತಿ ಅದನ್ನು `Unpublish` ಮಾಡಿ. ಇಷ್ಟೆಲ್ಲ ಕಷ್ಟಪಟ್ಟು ತಿದ್ದಿದ ಮೇಲೂ ಯಾರಾದರೂ ‘ಕೋಳಿ ರೋಗ’ವನ್ನೇ ಆರಿಸಿ ಓದುವಂತಾಗಬಾರದಲ್ಲ.

ಈ ದಾರಿಗೂ ಮಿತಿಯಿದೆ. ನಮ್ಮ ವಿಡಿಯೋದ ಏಳನೆಯ ನಿಮಿಷದಲ್ಲಿ ಹುಡುಗ ಕೇಳುತ್ತಾನೆ: ‘ಮಳೆ ಬಿಟ್ಟ ಕೂಡ್ಲೆ ಹೊಡಿಬೋದಾ ಅಣ್ಣಾ?’ ಅವನ ಮಾತು ಮುಗಿಯುವ ಮೊದಲೇ ಬೆಳೆಗಾರರು ‘ಬ್ಯಾಡ ಮಾರಾಯಾ, ಕೊನೆ ಆರ್ಬೇಕು’ ಎನ್ನುತ್ತಾರೆ, ಅಂದರೆ ಅಡಿಕೆ ಗೊನೆ ಒಣಗಬೇಕು ಎಂದು. ಯಂತ್ರ ಎರಡನ್ನೂ ಸೇರಿಸಿ ಒಂದೇ ಸಾಲಿಗೆ ಹಾಕಿರುತ್ತದೆ, ಕೆಲವೊಮ್ಮೆ ‘ಬ್ಯಾಡ’ವನ್ನೇ ನುಂಗಿರುತ್ತದೆ. ಇಂಥ ಸಾಲನ್ನು ಎರಡು ಮಾಡಬೇಕು, ಎರಡಕ್ಕೂ ಬೇರೆ ಸಮಯ ಕೊಡಬೇಕು. ಒಂದೆರಡು ಕಡೆ ಆದರೆ ಸ್ಟುಡಿಯೋದಲ್ಲೇ ಎಳೆದು ಸರಿಮಾಡಬಹುದು. ವಿಡಿಯೋ ಪೂರ್ತಿ ಹೀಗೆ ಇದ್ದರೆ, ಸಣ್ಣ ಪರದೆಯಲ್ಲಿ ಪಟ್ಟಿ ಎಳೆಯುತ್ತಾ ಕೂರುವುದು ವ್ಯರ್ಥ ಶ್ರಮ.

ಮಾತು ನಮ್ಮದು, ಸಮಯ ಯಂತ್ರದ್ದು

ಒಬ್ಬರೇ ಮಾತಾಡುವ ವಿಡಿಯೋ, ಧ್ವನಿ ಚೆನ್ನಾಗಿದೆ, ಆದರೆ ತೋಟದ ಪದಗಳು ತುಂಬಿ ಆಟೋ ಕ್ಯಾಪ್ಷನ್ ಚಿಂದಿಯಾಗಿದೆ ಎಂದಿಟ್ಟುಕೊಳ್ಳಿ. ಆಗ `Auto-sync` ದಾರಿ ಒಳ್ಳೆಯದು. ಮಾತನ್ನೆಲ್ಲ ಸಾದಾ ಪಠ್ಯವಾಗಿ ಬರೆದು ಅಲ್ಲಿ ಅಂಟಿಸಿದರೆ, ಯಾವ ಪದ ಯಾವ ಕ್ಷಣದ್ದು ಎಂದು ಯಂತ್ರ ಹೊಂದಿಸುತ್ತದೆ. ಹೊಸ ಸಾಲು ಇಲ್ಲೇ ಶುರುವಾಗಬೇಕು ಎಂದಿದ್ದರೆ ನಡುವೆ ಒಂದು ಖಾಲಿ ಸಾಲು ಬಿಡಿ. ಮಾತಾಡುವವರು ಬದಲಾದರೆ `>>` ಹಾಕಿ. ಮೋಟಾರಿನ ಸದ್ದಿನಂಥದ್ದನ್ನು ಚೌಕ ಆವರಣದಲ್ಲಿ ಬರೆಯಿರಿ.

ಇದು ಕೈಕೊಡುವುದು ಎರಡು ಸಂದರ್ಭದಲ್ಲಿ. ಬರೆದದ್ದು ಆಡಿದ ಮಾತಿಗಿಂತ ದೂರ ಹೋದರೆ ಸಮಯ ಜಾರುತ್ತದೆ. ಗಂಟೆಗಿಂತ ಉದ್ದದ ವಿಡಿಯೋಗೂ ಧ್ವನಿ ಸರಿಯಿಲ್ಲದ ವಿಡಿಯೋಗೂ ಇದು ಬೇಡ ಎಂದು ಯೂಟ್ಯೂಬೇ ಹೇಳುತ್ತದೆ. ಸಾಗರ, ಹೊಸನಗರದ ಹವ್ಯಕ ಮನೆಮಾತಿನ ಸಂದರ್ಶನಕ್ಕೂ ಇದನ್ನು ನಾನು ನೆಚ್ಚಲಾರೆ. ಅಲ್ಲಿ ‘ನೀರು ಇಲ್ಲೆ’ ಎಂದರೆ ನೀರಿಲ್ಲ ಎಂದು. ಯಂತ್ರಕ್ಕೆ ಅದು ‘ನೀರು ಇಲ್ಲೇ’, ಅಂದರೆ ಇಲ್ಲೇ ಇದೆ ನೀರು! ಮಾತನ್ನೇ ಗುರುತಿಸದ ಯಂತ್ರ ಸಮಯವನ್ನೂ ಸರಿಯಾಗಿ ಹೊಂದಿಸಲಾರದು.

ಬೇರೆ ಫೈಲ್ ಯಾವಾಗ

ಇಬ್ಬರು ಮೂವರು ಒಟ್ಟಿಗೆ ಮಾತಾಡುವುದು, ಮನೆಮಾತು, ಹಿನ್ನೆಲೆ ಸದ್ದು: ಇವಿದ್ದಾಗ ಫೈಲ್ ಮಾಡುವುದೇ ಸರಿ. ಇನ್ನೂ ಒಂದು ಕಾರಣವಿದೆ, ಅದನ್ನು ಮೊದಲೇ ಯೋಚಿಸಬೇಕು. ಅದೇ ವಿಡಿಯೋ ಬೇರೆ ಕಡೆಗೂ ಹೋಗುವುದೇ? ಸ್ಟುಡಿಯೋದಲ್ಲಿ ತಿದ್ದಿದ್ದು, ಇಳಿಸಿಕೊಳ್ಳದಿದ್ದರೆ, ಯೂಟ್ಯೂಬ್‌ನ ಒಳಗೇ ಉಳಿಯುತ್ತದೆ. ವಿಡಿಯೋದಲ್ಲಿ ತಪ್ಪು ಕಂಡು ಮತ್ತೆ ಏರಿಸಿದರೆ ಹೊಸ ವಿಡಿಯೋಗೆ ಹಳೆಯ ಕ್ಯಾಪ್ಷನ್ ತಾನಾಗಿ ಬರುವುದಿಲ್ಲ. ಫೈಲ್ ಕೈಯಲ್ಲಿದ್ದರೆ ಮೊದಲ ಇಪ್ಪತ್ತು ಸೆಕೆಂಡ್ ಕತ್ತರಿಸಿದಾಗಲೂ, ಎಲ್ಲ ಸಮಯವನ್ನೂ ಒಟ್ಟಿಗೆ ಇಪ್ಪತ್ತು ಸೆಕೆಂಡ್ ಹಿಂದಕ್ಕೆ ಸರಿಸಿದರೆ ಆಯಿತು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಅದು ಒಂದು ನಿಮಿಷದ ಕೆಲಸ.

ಕ್ಯಾಪ್ಷನ್‌ಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಟಿ ಎಂಬ ಬಗೆಯ ಫೈಲ್ ನೋಡಲು ಸರಳ. ಕ್ರಮಸಂಖ್ಯೆ, ಸಮಯ, ಮಾತು, ಖಾಲಿ ಸಾಲು. ನಮ್ಮ ಏಳನೆಯ ನಿಮಿಷದ ಗೋಜಲು ಬಿಡಿಸಿದ ಮೇಲೆ ಹೀಗಿರುತ್ತದೆ:

```
96
00:07:04,200 --> 00:07:06,100
- ಮಳೆ ಬಿಟ್ಟ ಕೂಡ್ಲೆ ಹೊಡಿಬೋದಾ ಅಣ್ಣಾ?

97
00:07:06,100 --> 00:07:08,600
- ಬ್ಯಾಡ ಮಾರಾಯಾ, ಕೊನೆ ಆರ್ಬೇಕು.
```

ಸೆಕೆಂಡಿನ ಮುಂದೆ ಎಸ್‌ಆರ್‌ಟಿಯಲ್ಲಿ ಅಲ್ಪವಿರಾಮ, ವಿಟಿಟಿ ಎಂಬ ಇನ್ನೊಂದು ಬಗೆಯ ಫೈಲ್‌ನಲ್ಲಿ ಚುಕ್ಕಿ. ವಿಟಿಟಿಯ ಮೊದಲ ಸಾಲು `WEBVTT` ಎಂದಿರಬೇಕು. ಒಂದರ ಚಿಹ್ನೆ ಇನ್ನೊಂದರಲ್ಲಿ ಹಾಕಿದರೆ ಫೈಲ್ ತಿರಸ್ಕೃತವಾಗುವುದು ಅಥವಾ ಸಾಲುಗಳು ಕಾಣದಿರುವುದು ಮಾಮೂಲು.

ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಆಟೋ ಕ್ಯಾಪ್ಷನ್ನನ್ನೇ ಎಸ್‌ಆರ್‌ಟಿಯಾಗಿ ಇಳಿಸಿಕೊಂಡು ಹೊರಗೆ ತಿದ್ದಬಹುದು. ಒಂದು ಎಚ್ಚರ ಬೇಕು: ಯಂತ್ರದ ಸಾಲುಗಳು ಉರುಳುತ್ತಾ ಬರುವಂತೆ ಮಾಡಿರುವುದರಿಂದ, ಮುಂದಿನದು ಶುರುವಾದ ಮೇಲೂ ಹಿಂದಿನದು ಮುಗಿದಿರುವುದಿಲ್ಲ. ಯೂಟ್ಯೂಬ್‌ನಲ್ಲಿ ಇದು ಗೊತ್ತಾಗದು. ಬೇರೆ ಪ್ಲೇಯರ್‌ನಲ್ಲಿ ಸಾಲಿನ ಮೇಲೆ ಸಾಲು ಕೂರುತ್ತದೆ. ಮೇಲಿನ ಉದಾಹರಣೆಯಲ್ಲಿ 96ನೆಯದರ ಕೊನೆಯೂ 97ರ ಮೊದಲೂ ಒಂದೇ ಕ್ಷಣ ಎಂಬುದನ್ನು ಗಮನಿಸಿ. ಆ ಅಡ್ಡಾದಿಡ್ಡಿಯನ್ನು ಸಬ್‌ಟೈಟಲ್ ಎಡಿಟ್‌ನ `Fix common errors` ಸರಿಮಾಡುತ್ತದೆ.

ಕನ್ನಡದವರಿಗೆ ಎದುರಾಗುವ ಒಂದು ತೊಡಕು ಇಲ್ಲಿದೆ. ಸಂಘಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಮೊದಲೇ ಟೈಪ್ ಮಾಡಿಸಿದ ಬರಹ ಇರುತ್ತದೆ. ‘ಇದನ್ನೇ ಹಾಕಿ ಸಾರ್’ ಎಂದು ಕೊಡುತ್ತಾರೆ. ವರ್ಡ್‌ನಲ್ಲಿ ಅಚ್ಚುಕಟ್ಟಾಗಿ ಕನ್ನಡ ಕಾಣುತ್ತದೆ. ನೋಟ್‌ಪ್ಯಾಡ್‌ಗೆ ಅಂಟಿಸಿದ ಕೂಡಲೇ ‘ಕನ್ನಡ’ ಎಂಬುದು `PÀ£ÀßqÀ` ಆಗುತ್ತದೆ. ಅದು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಮಾಡಿದ್ದು. ಅಲ್ಲಿರುವುದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು, ಕ್ಯಾಪ್ಷನ್ ಫೈಲ್‌ಗೆ ಫಾಂಟ್ ಹೊತ್ತೊಯ್ಯುವ ಶಕ್ತಿಯಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕದಲ್ಲಿ ಬದಲಿಸಿಕೊಂಡು, ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ. ಪರಿವರ್ತಕಗಳು ಎಡವುವುದು ಅಲ್ಲೇ. ಉಳಿಸುವಾಗ ಎನ್‌ಕೋಡಿಂಗ್ `UTF-8` ಇರಲಿ. `ANSI` ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಫೈಲ್ ಮುಚ್ಚಿದ ಮೇಲೆ ಅದನ್ನು ವಾಪಸ್ ತರಲು ಬರುವುದಿಲ್ಲ.

ಹಾಗಾದರೆ ನಮ್ಮ ಬೋರ್ಡೋ ವಿಡಿಯೋಗೆ ಯಾವುದು? ಮೊದಲ ಆರು ನಿಮಿಷ ಒಬ್ಬರೇ ಮಾತಾಡುತ್ತಾರೆ, ಅಲ್ಲಿ ತಿದ್ದಿದರೆ ಸಾಕಿತ್ತು. ಏಳರಿಂದ ಮುಂದೆ ಪ್ರಶ್ನೋತ್ತರ. ಕೊನೆಯ ಎರಡು ನಿಮಿಷ ಮೋಟಾರಿನ ಸದ್ದಿನ ನಡುವೆ, ಹೊಳೆಯುವ ಚಾಕುವನ್ನು ದ್ರಾವಣಕ್ಕೆ ಅದ್ದಿ ‘ಕೆಂಪು ಬಣ್ಣ ಬಂದ್ರೆ ಸುಣ್ಣ ಇನ್ನೂ ಹಾಕ್ಬೇಕು’ ಎನ್ನುವ ಮುಖ್ಯ ಮಾತಿದೆ. ಜೊತೆಗೆ ವಾಟ್ಸಾಪ್‌ಗೂ ಹೋಗಬೇಕು. ಈ ಕೊನೆಯ ಕಾರಣವೊಂದೇ ಸಾಕು: ಆಟೋ ಕ್ಯಾಪ್ಷನ್ ಇಳಿಸಿ, ಹೊರಗೆ ತಿದ್ದಿ, ಎಸ್‌ಆರ್‌ಟಿ ಮಾಡಿ, ಅದನ್ನೇ `Upload file` ಮೂಲಕ ಏರಿಸುವುದು. ಅಲ್ಲಿ `With timing` ಆರಿಸಿ. ವಿಡಿಯೋದಲ್ಲಿ ಹುಡುಗ ಕೇಳದೆ ಬಿಟ್ಟದ್ದನ್ನು, ಅಂದರೆ ಎರಡನೆಯ ಸಲ ಹೊಡೆಯುವುದು 40–45 ದಿನದ ಮೇಲೆ ಎಂಬಂಥದ್ದನ್ನು, ಕ್ಯಾಪ್ಷನ್ನಿನಲ್ಲಿ ಸೇರಿಸಲು ಹೋಗಬೇಡಿ. ಅದರ ಜಾಗ ವಿಡಿಯೋದ ವಿವರಣೆ.

ವಾಟ್ಸಾಪ್‌ನಲ್ಲಿ ಬೇರೆ ಫೈಲ್ ವಿಡಿಯೋ ಜೊತೆ ಕೂರುವುದಿಲ್ಲ. ಅಕ್ಷರವನ್ನು ಚಿತ್ರದ ಮೇಲೇ ಅಚ್ಚೊತ್ತಬೇಕು. ಅದಕ್ಕೂ ಇದೇ ಎಸ್‌ಆರ್‌ಟಿ ಸಾಕು. ffmpeg ಎಂಬ ಉಚಿತ ತಂತ್ರಾಂಶಕ್ಕೆ ಕಂಪ್ಯೂಟರಿನಲ್ಲಿ ಈ ಆದೇಶ ಕೊಡಿ:

```
ffmpeg -i tota.mp4 -t 30 -vf "subtitles=tota.srt:force_style='FontName=Noto Sans Kannada'" test.mp4
```

`-t 30` ಇರುವುದರಿಂದ ಮೊದಲ ಮೂವತ್ತು ಸೆಕೆಂಡ್ ಮಾತ್ರ ತಯಾರಾಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಅಲ್ಲ, ಮೊಬೈಲ್‌ನಲ್ಲಿ ನೋಡಿ. ಚೌಕಗಳು ಕಂಡರೆ ಆ ಫಾಂಟ್ ನಿಮ್ಮ ಯಂತ್ರದಲ್ಲಿಲ್ಲ. ‘ನಮಸ್ಕಾರ’ದ ಒತ್ತು ಪಕ್ಕಕ್ಕೆ ಸರಿದು ಅರ್ಧಾಕ್ಷರವಾಗಿ ಕಂಡರೆ ನಿಮ್ಮಲ್ಲಿರುವ ffmpeg ಕನ್ನಡದ ಒತ್ತಕ್ಷರ ಕೂಡಿಸಲು ಬಾರದ್ದು, ಬೇರೆ ಆವೃತ್ತಿ ಹಾಕಿಕೊಳ್ಳಬೇಕು. ಎರಡೂ ಇಲ್ಲವಾದರೆ `-t 30` ತೆಗೆದು ಪೂರ್ತಿ ವಿಡಿಯೋ ಓಡಿಸಿ.